ಬೆರಳಿನಲ್ಲೇ ಮಾಸ್ಕ್ ಬಳಿಯುವುದು ಹೇಗೆ?

ಕಿಟಕಿಗೆ ಬೆನ್ನು ಹಾಕಿ ಕೂತ ಅಜ್ಜಿಯ ಫೋಟೊದಲ್ಲಿ ಮುಖ ಕಪ್ಪಾಗಿರುತ್ತದೆ. ಮುಖವನ್ನಷ್ಟೇ ಬೆಳಗಿಸಲು ಮಾಸ್ಕ್, ಅಂದರೆ ತಿದ್ದುಪಡಿ ಎಲ್ಲಿ ಕಾಣಬೇಕೆಂದು ಬಳಿದು ಗುರುತಿಸುವ ಪದರ, ಬಳಸಹೋದ ಅನೇಕರು ತಲೆಯ ಸುತ್ತ, ಹಿಂದಿನ ಪರದೆಯ ಮೇಲೂ ಬಿಳಿಚಿದ ಪಟ್ಟಿಯೊಂದನ್ನು ಉಳಿಸುತ್ತಾರೆ. ಇಡೀ ಚಿತ್ರವನ್ನು ಎದುರಿಗಿಟ್ಟುಕೊಂಡೇ ಅಂಚನ್ನೂ ಬಳಿಯುವುದರಿಂದ ಹೀಗಾಗುತ್ತದೆ.

ಫೋನಿನಲ್ಲಿ ಫೋಟೊ ತಿದ್ದುವ ಆ್ಯಪ್ ಸ್ನ್ಯಾಪ್‌ಸೀಡ್‌ನ 2ನೇ ಆವೃತ್ತಿಯನ್ನೇ ತೆಗೆದುಕೊಳ್ಳೋಣ. Tune Image ತೆರೆದು, ಮುಖ ಸರಿಯಾಗಿ ಕಾಣುವವರೆಗೆ Shadows ಹೆಚ್ಚಿಸಿ. ಹಿನ್ನೆಲೆ ಕೆಟ್ಟರೂ ಚಿಂತೆಯಿಲ್ಲ. ಟಿಕ್ ಒತ್ತಿ. ಬಳಿಕ View edits ಪಟ್ಟಿಯಲ್ಲಿ Tune Image ಮುಟ್ಟಿ ಬ್ರಷ್ ಚಿಹ್ನೆಯನ್ನು ಆರಿಸಿ. ಚಿತ್ರ ಮೊದಲಿನಂತಾಗುತ್ತದೆ, ಬಳಿದ ಕಡೆ ಮಾತ್ರ ಬೆಳಕು ಬರುತ್ತದೆ. ಕಣ್ಣಿನ ಚಿಹ್ನೆಯನ್ನು ಒತ್ತಿದರೆ ಬಳಿದದ್ದು ಕೆಂಪಾಗಿ ಕಾಣುತ್ತದೆ. ಆ ಕೆಂಪು ಹಾಗೇ ಕಾಣುತ್ತಿರಲಿ.

ಇಲ್ಲಿ ಬ್ರಷ್ ಗಾತ್ರ ಬದಲಿಸುವ ಗುಂಡಿಯೇ ಇಲ್ಲ. ಗಾಜಿನ ಮೇಲೆ ಬ್ರಷ್ ಯಾವಾಗಲೂ ಅಷ್ಟೇ ದಪ್ಪ. ಎರಡು ಬೆರಳಿನಿಂದ ಚಿತ್ರವನ್ನು ಹಿಗ್ಗಿಸಿದಷ್ಟೂ ಅದೇ ಬ್ರಷ್ ಚಿತ್ರದ ಚಿಕ್ಕ ಭಾಗವನ್ನು ಮುಟ್ಟುತ್ತದೆ, ಅದರ ಮಸುಕು ಅಂಚೂ ಕಿರಿದಾಗುತ್ತದೆ. ಹಾಗಾಗಿ ಹಣೆ, ಕೆನ್ನೆಗಳನ್ನು ಸ್ವಲ್ಪವೇ ಹಿಗ್ಗಿಸಿ, ಕೆಳಗಿನ ಬಾಣದಿಂದ ಬ್ರಷ್‌ನ ಮೌಲ್ಯವನ್ನು 100ಕ್ಕೆ ಇಟ್ಟು ಬಳಿಯಿರಿ. ತುಂಬ ಹಿಗ್ಗಿಸಿ ಬಳಿದರೆ ಗೆರೆಗಳ ನಡುವೆ ಸಂದು ಉಳಿದು, ಕೆನ್ನೆ ಪಟ್ಟೆಪಟ್ಟೆಯಾಗುತ್ತದೆ.

ಅಂಚಿಗೆ ಬಂದಾಗ ಕಿವಿಯೊಂದೇ ಪರದೆಯ ಅರ್ಧದಷ್ಟು ಆಗುವಂತೆ ಹಿಗ್ಗಿಸಿ. ಗಡಿಯುದ್ದಕ್ಕೂ ಒಂದೇ ಗೆರೆ ಎಳೆಯಬೇಡಿ, ಬೆರಳೇ ಗಡಿಯನ್ನು ಮುಚ್ಚಿಬಿಡುತ್ತದೆ. ಮುಖದ ಒಳಗಿನಿಂದ ಅಂಚಿನತ್ತ ಗಿಡ್ಡ ಗೆರೆಗಳನ್ನು ಎಳೆಯಿರಿ, ಒಂದಿಷ್ಟು ಹೊರಗೆ ಚೆಲ್ಲಲಿ. ಆಮೇಲೆ ಕೆಳಗಿನ ಬಾಣದಿಂದ ಮೌಲ್ಯವನ್ನು 0ಗೆ ಇಳಿಸಿ, ಹೊರಗಿನಿಂದ ಅಂಚಿನತ್ತ ಬರುತ್ತಾ ಚೆಲ್ಲಿದ್ದನ್ನು ಅಳಿಸಿ. ಅಳಿಸುವಾಗ ಬೆರಳು ಹಿನ್ನೆಲೆಯ ಮೇಲಿರುವುದರಿಂದ ಕಿವಿಯ ಅಂಚು ಕಣ್ಣಿಗೆ ಕಾಣುತ್ತಲೇ ಇರುತ್ತದೆ. ಕೂದಲನ್ನು ಎಳೆ ಎಳೆಯಾಗಿ ಹಿಡಿಯಲು ಹೋಗಬೇಡಿ. ಹಣೆಯಿಂದ ಕೂದಲಿಗೆ ದಾಟುವ ಜಾಗದಲ್ಲಿ 50, ಹಾರುವ ಎಳೆಗಳಲ್ಲಿ 25 ಸಾಕು.

ರಬ್ಬರ್ ಮೂತಿಯ ಅಗ್ಗದ ಪೆನ್ನುಗಳನ್ನು ಕೊಳ್ಳಬೇಡಿ. ಆ ಮೂತಿಯೂ ಬೆರಳಿನಂತೆಯೇ ಗಡಿಯನ್ನು ಮುಚ್ಚುತ್ತದೆ. ಬೆವರಿದ ಕೈ ಒರೆಸಿಕೊಂಡರೆ ಅದಕ್ಕಿಂತ ಹೆಚ್ಚು ಲಾಭ.

ಕಂಪ್ಯೂಟರಿಗೆ ಜೋಡಿಸಿ ಪೆನ್ನಿನಿಂದ ಬಳಿಯುವ ಗ್ರಾಫಿಕ್ಸ್ ಟ್ಯಾಬ್ಲೆಟ್ ಇದ್ದವರಿಗೆ ಗಡಿ ಮುಚ್ಚುವ ತೊಂದರೆಯಿಲ್ಲ, ಆದರೆ ಬೇರೆಯದೊಂದು ಇದೆ. ಅಂಗೈಯಗಲದ ಟ್ಯಾಬ್ಲೆಟ್ ದೊಡ್ಡ ಮಾನಿಟರನ್ನು ಪೂರ್ತಿ ಆವರಿಸಿದಾಗ ಕೈಯ ಸಣ್ಣ ನಡುಕವೂ ಪರದೆಯಲ್ಲಿ ದೊಡ್ಡದಾಗುತ್ತದೆ. ಅಲ್ಲಿಯೂ ಮೊದಲು ಹಿಗ್ಗಿಸಿ. ಕ್ರೀಟಾ ಎಂಬ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ [ ಮತ್ತು ] ಕೀಲಿಗಳಿಂದ ಬ್ರಷ್ ಚಿಕ್ಕದು, ದೊಡ್ಡದು ಮಾಡಬಹುದು. ಪೆನ್ನಿನ ಒತ್ತಡವನ್ನು ಗಾತ್ರಕ್ಕೆ ಜೋಡಿಸದೆ ಅಪಾರದರ್ಶಕತೆಗೆ ಜೋಡಿಸಿ. ಗಾತ್ರವೇ ಏರಿಳಿದರೆ ಅಂಚು ಡೊಂಕಾಗುತ್ತದೆ.

ಕೊನೆಗೆ ಕೆಂಪು ಬಣ್ಣವನ್ನು ತೆಗೆದು, ಚಿತ್ರವನ್ನು ಪೂರ್ತಿ ಕುಗ್ಗಿಸಿ ನೋಡಿ. ತಲೆಯ ಸುತ್ತ ಬಿಳಿಚು ಉಳಿದಿದ್ದರೆ ಅಲ್ಲಿಗೇ ಹಿಗ್ಗಿಸಿ 0ರಲ್ಲಿ ಅಳಿಸಿ. ಕಿವಿಯಂಚು ಕತ್ತರಿಯಲ್ಲಿ ಕತ್ತರಿಸಿದಂತಿದ್ದರೆ, ಒಂದು ಹಂತ ಕುಗ್ಗಿಸಿ 50ರಲ್ಲಿ ಒಮ್ಮೆ ಸವರಿ.