ಡಬ್ಬಿಯ ಹಿಂಬದಿ ಫೋಟೊ ಎಲ್ಲಿ? ಗಿಡಮೂಲಿಕೆ ಮಾತ್ರೆ ಆನ್‌ಲೈನ್‌ನಲ್ಲಿ ಕೊಳ್ಳುವ ಮುಂಚೆ

ಮೊನ್ನೆ ನಮ್ಮ ಅತ್ತಿಗೆ ಫೋನ್ ಹಿಡಿದು ಬಂದು ಅಶ್ವಗಂಧ ಕ್ಯಾಪ್ಸೂಲ್ ಒಂದನ್ನು ತೋರಿಸಿದರು. ‘ಲೈಸೆನ್ಸ್ ಇದೆ ಅಂತ ಹಾಕಿದ್ದಾರೆ, ತಗೊಳ್ಲಾ?’ ಡಬ್ಬಿ ಮೇಲೆ ಹಸಿರು ಮುದ್ರೆ, ಅದರಲ್ಲಿ ‘ಆಯುಷ್ ಸಚಿವಾಲಯದ ಅನುಮೋದನೆ’ ಎಂಬ ಸಾಲು. ನನಗೆ ಅನುಮಾನ ಬಂದದ್ದೇ ಆ ಮುದ್ರೆ ನೋಡಿ. ನಮ್ಮ ದೇಶದಲ್ಲಿ ಆಯುರ್ವೇದ ಔಷಧಿ ತಯಾರಿಸಲು ಲೈಸೆನ್ಸ್ ಕೊಡುವುದು ಕೇಂದ್ರದ ಸಚಿವಾಲಯ ಅಲ್ಲ, ಕಾರ್ಖಾನೆ ಇರುವ ರಾಜ್ಯದ ಲೈಸೆನ್ಸ್ ಅಧಿಕಾರಿ. ಇನ್ನು, ಇಂಥ ಔಷಧಿ ಮಾರುವವರಿಗೆ ಔಷಧ ಮಾರಾಟದ ಲೈಸೆನ್ಸೇ ಬೇಕಿಲ್ಲ. ಹಾಗಾಗಿ ‘ವೆರಿಫೈಡ್ ಸೆಲ್ಲರ್’ ಅಂತ ಬರೆದಿದ್ದರೂ ಒಳಗಿನ ಮಾತ್ರೆ ಬಗ್ಗೆ ಅದರಿಂದ ಏನೂ ಗೊತ್ತಾಗಲ್ಲ. ನೋಡಬೇಕಾದ್ದು ತಯಾರಕರ ಲೈಸೆನ್ಸ್.

ಮೊದಲು ಡಬ್ಬಿಯ ಹಿಂಬದಿ ಫೋಟೊ ಹುಡುಕಿ. ಇಲ್ಲದಿದ್ದರೆ ಮಾರುವವರನ್ನು ಕೇಳಿ. ಕೊಡದಿದ್ದರೆ ಅಲ್ಲಿಗೇ ಬಿಟ್ಟುಬಿಡಿ, ಮುಂದಿನದ್ಯಾವುದೂ ಬೇಡ.

ಫೋಟೊ ಸಿಕ್ಕ ಮೇಲೆ ಇದು ಔಷಧಿಯೋ ಆಹಾರವೋ ನೋಡಿ. ಔಷಧಿಯಾದರೆ Mfg. Lic. No. ಅಥವಾ M.L. ಅಂತ ಬರೆದು ಮುಂದೆ ನಂಬರ್ ಇರುತ್ತದೆ, ಜೊತೆಗೆ ‘ಆಯುರ್ವೇದಿಕ್ ಮೆಡಿಸಿನ್’ ಅಂತಲೂ ಇರಬೇಕು. ಆಹಾರ ಪೂರಕವಾದರೆ fssai ಗುರುತು, 14 ಅಂಕಿಯ ನಂಬರ್. ಆಹಾರದ ಲೈಸೆನ್ಸ್ ಇಟ್ಟುಕೊಂಡು ಕಾಯಿಲೆ ವಾಸಿ ಮಾಡುತ್ತೇವೆ ಅನ್ನುವಂತಿಲ್ಲ. ಸಕ್ಕರೆ ಕಾಯಿಲೆ ಗುಣವಾಗುತ್ತದೆ ಎಂಬ ಜಾಹೀರಾತನ್ನಂತೂ ಔಷಧಿಯವರೂ ಕೊಡುವಂತಿಲ್ಲ, 1954ರ ಕಾಯ್ದೆಯಲ್ಲೇ ಅದಕ್ಕೆ ನಿಷೇಧ ಇದೆ. ಅತ್ತಿಗೆ ತೋರಿಸಿದ ಡಬ್ಬಿಯ ಹಿಂದೆ ಇದ್ದದ್ದು 14 ಅಂಕಿ. ಪುಟದಲ್ಲಿ ಮಾತ್ರ ಮಂಡಿನೋವು, ಶುಗರ್ ಎರಡೂ ಹೋಗುತ್ತವೆ ಅಂತ ದೊಡ್ಡ ಅಕ್ಷರ!

14 ಅಂಕಿಯನ್ನು ಪರೀಕ್ಷಿಸೋದು ಎರಡು ನಿಮಿಷದ ಕೆಲಸ. foscos.fssai.gov.in ತೆರೆದು FBO Search ನಲ್ಲಿ ನಂಬರ್ ಹಾಕಿ. ನಂಬರ್ ಇದೆ ಅಂತ ತೋರಿಸಿದ ಕೂಡಲೇ ಮುಚ್ಚಿಬಿಡಬೇಡಿ, ಜಾಸ್ತಿ ಜನ ಎಡವುವುದು ಇಲ್ಲೇ. ಯಾರ ಹೆಸರು, ಯಾವ ವಿಳಾಸ, ಈಗಲೂ ಚಾಲ್ತಿಯಲ್ಲಿದೆಯಾ ಅಂತ ಡಬ್ಬಿ ಜೊತೆ ಹೋಲಿಸಿ. ನಾವು ಹಾಕಿದಾಗ ಬಂದದ್ದು ಯಾರೋ ಮಸಾಲೆ ಪುಡಿಯವರ ಹೆಸರು. ನಂಬರ್ ಅಸಲಿ, ಆದರೆ ಇವರದ್ದಲ್ಲ.

ಔಷಧಿ ಲೈಸೆನ್ಸ್ ವಿಷಯ ಇಷ್ಟು ಸಲೀಸಲ್ಲ. ನಂಬರ್ ಬರೆಯುವ ರೀತಿ ರಾಜ್ಯದಿಂದ ರಾಜ್ಯಕ್ಕೆ ಬೇರೆ, ನೋಡಿದರೆ ಅಸಲಿ ನಕಲಿ ತಿಳಿಯಲ್ಲ. ಡಬ್ಬಿಯಲ್ಲಿ ‘ಮಾರ್ಕೆಟೆಡ್ ಬೈ’ ಬಿಟ್ಟು ‘ಮ್ಯಾನುಫ್ಯಾಕ್ಚರ್ಡ್ ಬೈ’ ಎದುರಿಗಿರುವ ಹೆಸರು, ವಿಳಾಸ ಓದಿ. ನಾವು ಹೆಸರು ಕೇಳಿರುವ ಎಷ್ಟೋ ಬ್ರ್ಯಾಂಡ್‌ಗಳು ತಾವೇ ತಯಾರಿಸುವುದಿಲ್ಲ, ಬೇರೆಯವರಿಂದ ಮಾಡಿಸಿ ಮಾರುತ್ತವೆ. ಲೈಸೆನ್ಸ್ ಇರುವುದು ಮಾಡುವವರ ಹೆಸರಿನಲ್ಲಿ. ಅದರ ಪ್ರತಿ ಕಳಿಸಿ ಅಂತ ಕಂಪನಿಗೆ ಇಮೇಲ್ ಹಾಕಿ. ಅದು ಫಾರ್ಮ್ 25-ಡಿ ನಮೂನೆಯಲ್ಲಿರುತ್ತದೆ. ಒಪ್ಪಿಗೆ ಸಿಕ್ಕ ಔಷಧಿಗಳ ಪಟ್ಟಿಯನ್ನೂ ಕೇಳಿ, ನೀವು ಕೊಳ್ಳುವ ಮಾತ್ರೆಯ ಹೆಸರು ಅದರಲ್ಲಿ ಇರಬೇಕು. ಕಾರ್ಖಾನೆಗೆ ಲೈಸೆನ್ಸ್ ಇದ್ದು ಈ ಮಾತ್ರೆಗೆ ಒಪ್ಪಿಗೆ ಇಲ್ಲದೆಯೂ ಇರಬಹುದು ಅಲ್ವಾ? ಕಂಪನಿ ಉತ್ತರಿಸದಿದ್ದರೆ ಆ ರಾಜ್ಯದ ಆಯುಷ್ ಲೈಸೆನ್ಸ್ ಅಧಿಕಾರಿಗೆ ನಂಬರ್, ಹೆಸರು, ಫೋಟೊ ಕಳಿಸಿ ಕೇಳಬಹುದು. ಉತ್ತರಕ್ಕೆ ಕಾಯಬೇಕಾಗುತ್ತದೆ, ನಿಜ.

ಇನ್ನು ಪದಾರ್ಥಗಳ ಪಟ್ಟಿ. ಔಷಧಿಯಾದರೆ ಎಲ್ಲ ಪದಾರ್ಥಗಳ ಹೆಸರು, ಗಿಡದ ಸಸ್ಯಶಾಸ್ತ್ರೀಯ ಹೆಸರು, ಯಾವ ಭಾಗ ಬಳಸಿದ್ದಾರೆ, ಪುಡಿಯೋ ಸಾರವೋ ಅಂತ ಬರೆಯಬೇಕು ಎಂಬ ನಿಯಮ ಇದೆ. ಲೇಬಲ್‌ನಲ್ಲಿ ಜಾಗ ಸಾಲದಿದ್ದರೆ ಒಳಗೆ ಚೀಟಿ ಇಟ್ಟು, ಹಾಗಂತ ಲೇಬಲ್ ಮೇಲೆ ಹೇಳಬೇಕು. ಅಶ್ವಗಂಧಕ್ಕೆ ‘Withania somnifera, root’ ಅಂತ ಇದ್ದರೆ ಸರಿ. ಸುಮ್ನೆ ‘ಅಶ್ವಗಂಧ ಸಾರ’ ಅಂತ ಇದ್ದರೆ ಬೇರೋ ಎಲೆಯೋ ಅಂತ ಕೇಳಿ. ಗ್ರಂಥಗಳಲ್ಲಿ ಔಷಧಿಗೆ ಮುಖ್ಯವಾಗಿ ಹೇಳಿರುವುದು ಬೇರು. ಎಲೆ ಬಳಸಬೇಡಿ ಅಂತ ಆಯುಷ್ ಸಚಿವಾಲಯವೇ ತಯಾರಕರಿಗೆ ಹೇಳಿದೆ.

ಪಟ್ಟಿಯ ಲೆಕ್ಕವನ್ನೂ ಒಮ್ಮೆ ಹಾಕಿ. ಅತ್ತಿಗೆಯ ಡಬ್ಬಿ ಮುಂದೆ 5000 ಮಿ.ಗ್ರಾಂ ಅಂತ ಇತ್ತು, ಕ್ಯಾಪ್ಸೂಲ್ ತೂಕ ಹಿಂದೆ 500. ಹತ್ತು ಪಾಲು ಬೇರಿನಿಂದ ಒಂದು ಪಾಲು ಸಾರ ತೆಗೆದಿದ್ದೇವೆ ಎಂಬ ಅರ್ಥದಲ್ಲಿ 5000 ಬರೆಯುವುದುಂಟು, ಅದು ಮೋಸ ಅಂತಲ್ಲ. ಆದರೆ 10:1 ಅಂತ ಹಿಂದೆ ಎಲ್ಲೂ ಇರಲಿಲ್ಲ. ಅಲ್ಲಿಗೆ ಆ 5000ಕ್ಕೆ ಆಧಾರವೇ ಇಲ್ಲ.

ಇಷ್ಟೆಲ್ಲ ಸರಿಯಿದ್ದರೂ ಬರೆಯದೆ ಬೆರೆಸಿದ್ದನ್ನು ಲೇಬಲ್ ಹೇಳುವುದಿಲ್ಲ. ಕೀಲುನೋವಿನ ಗಿಡಮೂಲಿಕೆ ಮಾತ್ರೆಗಳಲ್ಲಿ ಸ್ಟೀರಾಯ್ಡ್, ತೂಕ ಇಳಿಸುವ ಮಾತ್ರೆಗಳಲ್ಲಿ ಸಿಬುಟ್ರಮಿನ್ ಎಂಬ ನಿಷೇಧಿತ ಔಷಧಿ ಸಿಕ್ಕ ಪ್ರಕರಣಗಳು ಹಲವು ದೇಶಗಳಲ್ಲಿ ಇವೆ. ಅದು ಗೊತ್ತಾಗುವುದು ಲ್ಯಾಬ್‌ನಲ್ಲಿ ಮಾತ್ರ. ವರ್ಷಗಳ ನೋವು ಎರಡೇ ದಿನದಲ್ಲಿ ಮಾಯವಾದರೆ ಖುಷಿಪಡುವ ಮುಂಚೆ ಡಬ್ಬಿ ಸಮೇತ ವೈದ್ಯರ ಹತ್ತಿರ ಹೋಗಿ. ಸ್ಟೀರಾಯ್ಡ್ ತುಂಬಾ ದಿನ ತಗೊಂಡಿದ್ದರೆ ದಿಢೀರ್ ಬಿಡುವುದೂ ಅಪಾಯ.

ಅತ್ತಿಗೆ ಆರ್ಡರ್ ಮಾಡಲಿಲ್ಲ. ಮಾರುವವರಿಗೆ ಲೈಸೆನ್ಸ್ ಬಗ್ಗೆ ಮೆಸೇಜ್ ಹಾಕಿದರು, ‘ಇವತ್ತು ಕೊಂಡರೆ ಇನ್ನೊಂದು ಡಬ್ಬಿ ಫ್ರೀ’ ಅಂತ ಉತ್ತರ ಬಂತು.