ಇಪ್ಪತ್ತು ನಿಮಿಷ ಕೇಳುವ ಸಂದೇಶ: ನಾನು ಬರೆಯುವ ಕ್ರಮ

ಪರಿಚಯವೇ ಇಲ್ಲದ ಹಿರಿಯರಿಗೆ ಸಲಹೆ ಕೇಳಿ ಬರೆಯುವಾಗ ನಾನು ಒಂದೇ ಲೆಕ್ಕ ಹಿಡಿದು ಬರೆಯುತ್ತೇನೆ. ಸಂದೇಶ ಓದಿ ಮುಗಿಸಿದ ಮೇಲೆ ಅವರ ಪಾಲಿಗೆ ಎಷ್ಟು ಕೆಲಸ ಉಳಿಯುತ್ತದೆ? "ಆಗಲಿ" ಅಥವಾ "ಆಗುವುದಿಲ್ಲ" ಎನ್ನುವುದಷ್ಟೇ ಉಳಿಯಬೇಕು. ಯಾವಾಗ ಮಾತಾಡುವುದು, ಯಾವುದರ ಬಗ್ಗೆ, ಫೋನೋ ವಿಡಿಯೋನೋ, ಇವನಿಗೆ ನಿಜಕ್ಕೂ ಬೇಕಾಗಿರುವುದೇನು ಎಂದು ಅವರೇ ಯೋಚಿಸಬೇಕಾಗಿ ಬಂದರೆ ಸಂದೇಶ "ಆಮೇಲೆ ನೋಡೋಣ" ಗುಂಪಿಗೆ ಸೇರುತ್ತದೆ. ಅಲ್ಲಿಂದ ಅದು ಮೇಲೆ ಬರುವುದು ಅಪರೂಪ.

ಯಾರಿಗೆ ಬರೆಯುವುದು ಎನ್ನುವಲ್ಲೇ ಅರ್ಧ ಕೆಲಸ ಇದೆ. ಸಂಸ್ಥೆಯ ತುದಿಯಲ್ಲಿ ಕೂತವರಿಗಿಂತ, ನಾನು ಹೋಗಬೇಕೆಂದಿರುವ ದಾರಿಯಲ್ಲಿ ಐದಾರು ವರ್ಷ ಮುಂದಿರುವವರನ್ನು ಹುಡುಕುತ್ತೇನೆ. ಅವರಿಗೆ ಆ ತಿರುವು ಇನ್ನೂ ನೆನಪಿರುತ್ತದೆ, ಪ್ರಶ್ನೆಗೆ ತಯಾರಿಯಿಲ್ಲದೆ ಉತ್ತರಿಸಬಲ್ಲರು. ಒಂದೇ ತಂಡದ ಮೂವರಿಗೆ ಒಟ್ಟಿಗೆ ಬರೆಯುವುದಿಲ್ಲ. ಅವರು ಪಕ್ಕಪಕ್ಕ ಕೂರುವವರು, ಒಂದೇ ಸಂದೇಶ ಮೂವರಿಗೂ ಬಂದದ್ದು ಗೊತ್ತಾಗಿಬಿಡುತ್ತದೆ.

ಒಂದು ಉದಾಹರಣೆ ಇಟ್ಟುಕೊಂಡೇ ನೋಡೋಣ. ನಾಲ್ಕು ವರ್ಷ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿದ ಒಬ್ಬರು ಡೇಟಾ ಎಂಜಿನಿಯರಿಂಗ್ ಕಡೆ ಹೊರಳಬೇಕೆಂದಿದ್ದಾರೆ. ಮೊದಲ ಕರಡು ಸಾಮಾನ್ಯವಾಗಿ ಹೀಗಿರುತ್ತದೆ:

"ನಮಸ್ಕಾರ ಮೇಡಂ, ಹೇಗಿದ್ದೀರಿ? ನಿಮ್ಮ ಸಾಧನೆ ನೋಡಿ ತುಂಬ ಸ್ಫೂರ್ತಿ ಬಂತು. ನನ್ನ ಕೆರಿಯರ್ ಬಗ್ಗೆ ನಿಮ್ಮ ಮಾರ್ಗದರ್ಶನ ಬೇಕಿತ್ತು. ನಿಮಗೆ ಬಿಡುವಾದಾಗ ಮಾತಾಡಬಹುದೇ? ರೆಸ್ಯೂಮೆ ಲಗತ್ತಿಸಿದ್ದೇನೆ."

ಮರ್ಯಾದೆಗೆ ಇಲ್ಲಿ ಕೊರತೆಯಿಲ್ಲ. ಆದರೆ "ಮಾರ್ಗದರ್ಶನ" ಎಂದರೆ ಹತ್ತು ನಿಮಿಷದ್ದೋ ಹತ್ತು ತಿಂಗಳದ್ದೋ ಗೊತ್ತಾಗುವುದಿಲ್ಲ. "ಬಿಡುವಾದಾಗ" ಎಂಬುದು ಕೇಳಲು ವಿನಯದ ಮಾತು, ನಿಜದಲ್ಲಿ ದಿನ ಹುಡುಕುವ ಕೆಲಸವನ್ನು ಅವರ ತಲೆಗೆ ಕಟ್ಟುವುದು. ಹೊಗಳಿಕೆಯ ಸಾಲನ್ನು ಯಾರಿಗೆ ಬೇಕಾದರೂ ಕಳಿಸಬಹುದು, ಹಾಗಾಗಿ ಅದು ಇವರಿಗೇ ಬರೆದದ್ದು ಅನ್ನಿಸುವುದಿಲ್ಲ. ರೆಸ್ಯೂಮೆ ಕಂಡ ಕೂಡಲೇ ಉಳಿದದ್ದೆಲ್ಲ ಪೀಠಿಕೆ, ಕೇಳುತ್ತಿರುವುದು ಕೆಲಸ ಎಂದೇ ಓದಿಕೊಳ್ಳುತ್ತಾರೆ.

ಅದೇ ಸಂದೇಶವನ್ನು ನಾನು ಬರೆಯುವುದು ಹೀಗೆ:

"ವಿಷಯ: ಟೆಸ್ಟಿಂಗ್‌ನಿಂದ ಡೇಟಾ ಎಂಜಿನಿಯರಿಂಗ್‌ಗೆ: ಒಂದು ಪ್ರಶ್ನೆ, 20 ನಿಮಿಷ

ನಮಸ್ಕಾರ ಮೇಡಂ,

ನಾನು ನಾಲ್ಕು ವರ್ಷದಿಂದ ಟೆಸ್ಟಿಂಗ್‌ನಲ್ಲಿದ್ದೇನೆ, ಡೇಟಾ ಎಂಜಿನಿಯರಿಂಗ್‌ಗೆ ಬದಲಾಗಬೇಕೆಂದಿದ್ದೇನೆ. ನೀವೂ ಟೆಸ್ಟಿಂಗ್‌ನಿಂದಲೇ ಬಂದವರೆಂದು ನಿಮ್ಮ ಪ್ರೊಫೈಲ್‌ನಲ್ಲಿ ನೋಡಿದೆ. ತಪ್ಪು ಹುಡುಕುವ ಅಭ್ಯಾಸವೇ ಮೊದಲ ವರ್ಷ ಕೈಹಿಡಿಯಿತು ಎಂದು ನಿಮ್ಮ ಉಪನ್ಯಾಸದಲ್ಲಿ ಹೇಳಿದ್ದಿರಿ.

ನನ್ನ ಮುಂದೆ ಎರಡು ದಾರಿ ಇವೆ. ಈಗಿನ ಕಂಪನಿಯಲ್ಲೇ ಡೇಟಾ ತಂಡಕ್ಕೆ ಒಂದು ಹಂತ ಕೆಳಗಿನ ಹುದ್ದೆಗೆ ಹೋಗುವುದು, ಇಲ್ಲವೇ ಆರು ತಿಂಗಳು ಎಸ್‌ಕ್ಯೂಎಲ್ ಮತ್ತು ಪೈಥಾನ್ ಗಟ್ಟಿಮಾಡಿಕೊಂಡು ಹೊರಗೆ ಪ್ರಯತ್ನಿಸುವುದು. ಇವೆರಡರಲ್ಲಿ ಆರಿಸುವಾಗ ಏನನ್ನು ತೂಗಿ ನೋಡಬೇಕು ಎಂಬುದೇ ನನ್ನ ಪ್ರಶ್ನೆ.

ಮಂಗಳವಾರ 14ರ ಸಂಜೆ 5:30ಕ್ಕೆ ಅಥವಾ ಗುರುವಾರ 16ರ ಬೆಳಿಗ್ಗೆ 9ಕ್ಕೆ 20 ನಿಮಿಷ ಫೋನಿನಲ್ಲಿ ಮಾತಾಡಲು ಆದೀತೇ? ಎರಡೂ ಆಗದಿದ್ದರೆ ನೀವು ಹೇಳಿದ ಸಮಯಕ್ಕೆ ಹೊಂದಿಸಿಕೊಳ್ಳುತ್ತೇನೆ. ಮಾತಿಗೆ ಬಿಡುವಿಲ್ಲದಿದ್ದರೆ ಎರಡು ಸಾಲಿನ ಉತ್ತರವೂ ಸಾಕು. ಕೆಲಸಕ್ಕೆ ಶಿಫಾರಸು ಕೇಳುತ್ತಿಲ್ಲ."

ಫೋನಿನಲ್ಲಿ ಸಂದೇಶ ತೆರೆಯುವ ಮೊದಲು ಕಾಣುವುದು ವಿಷಯ ಮತ್ತು ಮೊದಲ ಒಂದೆರಡು ಸಾಲು. ಆ ಜಾಗವನ್ನು "ಹೇಗಿದ್ದೀರಿ, ಆರೋಗ್ಯವೇ" ಎಂಬುದಕ್ಕೆ ಕೊಟ್ಟರೆ ತೆರೆಯಲು ಕಾರಣವೇ ಸಿಗುವುದಿಲ್ಲ. ಅದಕ್ಕೇ ವಿಷಯದಲ್ಲಿ ಎಲ್ಲಿಂದ ಎಲ್ಲಿಗೆ ಎಂಬುದೂ ಎಷ್ಟು ಹೊತ್ತು ಎಂಬುದೂ ಇರಬೇಕು.

ಉಪನ್ಯಾಸದ ಸಾಲು ಅಲಂಕಾರಕ್ಕಲ್ಲ. ಬೇರೆಯವರನ್ನು ಬಿಟ್ಟು ಇವರನ್ನೇ ಯಾಕೆ ಕೇಳುತ್ತಿದ್ದೇನೆ ಎನ್ನುವುದಕ್ಕೆ ಅದು ಸಾಕ್ಷಿ. ಅವರು ಹೇಳಿದ ಒಂದು ಮಾತನ್ನು ಹೆಸರಿಸಿದರೆ ಸಾಕು, ಎರಡು ಮೂರು ಪೋಣಿಸಿದರೆ ಹಿಂದೆ ಬಿದ್ದಂತೆ ಕಾಣುತ್ತದೆ. ಅಂಥ ಮಾತು ಸಿಗದಿದ್ದರೆ ಪ್ರೊಫೈಲ್‌ನಲ್ಲಿ ಕಂಡ ತಿರುವನ್ನಷ್ಟೇ ಬರೆಯಿರಿ, ಕೇಳದ ಉಪನ್ಯಾಸವನ್ನು ಕೇಳಿದೆ ಎನ್ನಬೇಡಿ. ಮಾತಿನ ನಡುವೆ ಅದರ ಪ್ರಸ್ತಾಪ ಬಂದೇ ಬರುತ್ತದೆ.

ಹೆಚ್ಚು ಹೊತ್ತು ಕೂತು ತಿದ್ದಬೇಕಾದದ್ದು ಪ್ರಶ್ನೆಯನ್ನು. ನಾನು ಮೂರು ರೀತಿಯಲ್ಲಿ ಅದನ್ನು ಒರೆಗೆ ಹಚ್ಚುತ್ತೇನೆ. ಹುಡುಕಿದರೆ ಸಿಗುವ ಉತ್ತರವಾದರೆ ಪ್ರಶ್ನೆ ಬಿದ್ದಂತೆ: "ಡೇಟಾ ಎಂಜಿನಿಯರ್ ಆಗಲು ಏನು ಕಲಿಯಬೇಕು" ಎಂಬುದು ಆ ಜಾತಿಯದು. 20 ನಿಮಿಷದಲ್ಲಿ ಮುಗಿಯದ್ದಾದರೂ ಬಿದ್ದಂತೆ: "ನನ್ನ ಕೆರಿಯರ್ ಹೇಗೆ ರೂಪಿಸಿಕೊಳ್ಳಲಿ" ಎಂಬುದಕ್ಕೆ ಗಂಟೆಗಳೇ ಬೇಕು. ಮೂರನೆಯದು, ನನ್ನ ಪರವಾಗಿ ಅವರೇ ನಿರ್ಧರಿಸಬೇಕಾದ ಪ್ರಶ್ನೆ. "ನಾನು ಯಾವುದನ್ನು ಆರಿಸಲಿ" ಎಂದರೆ ಅಪರಿಚಿತರ ಬದುಕಿನ ಹೊಣೆ ಹೊರಿಸಿದಂತಾಗಿ ಹಿಂಜರಿಯುತ್ತಾರೆ. "ಏನನ್ನು ತೂಗಿ ನೋಡಬೇಕು" ಎಂದರೆ ತಮ್ಮ ಅನುಭವ ಹೇಳಿ ಮುಗಿಸಬಹುದು. ಎರಡು ದಾರಿಯನ್ನು ನಾವೇ ಹೆಸರಿಸಿದ್ದರಿಂದ, ಅಷ್ಟು ಯೋಚಿಸಿದ್ದೇವೆ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಸಮಯ ಎರಡೇ ಕೊಡುವುದು, ವಾರವೂ ತಾರೀಖೂ ಸೇರಿಸಿ, ಕನಿಷ್ಠ ನಾಲ್ಕೈದು ದಿನ ಮುಂದಿನದು. ಒಂದೇ ಕೊಟ್ಟರೆ ಆಜ್ಞೆಯಂತೆ ಕೇಳಿಸುತ್ತದೆ, ಐದು ಕೊಟ್ಟರೆ ಅವರು ಕ್ಯಾಲೆಂಡರ್ ತೆರೆದು ಹೋಲಿಸುತ್ತ ಕೂರಬೇಕು. ಅವರು ಬೇರೆ ದೇಶದಲ್ಲಿದ್ದರೆ ಅವರ ಗಡಿಯಾರದ ಸಮಯವನ್ನೇ ಬರೆದು, ಅದು ಅಲ್ಲಿಯ ಸಮಯ ಎಂದು ಸ್ಪಷ್ಟಪಡಿಸಬೇಕು. ತಾವೇ ಸಮಯ ಕಾಯ್ದಿರಿಸಿಕೊಳ್ಳುವ ಬುಕಿಂಗ್ ಕೊಂಡಿಯನ್ನು ಮೊದಲ ಸಂದೇಶದಲ್ಲಿ ಕಳಿಸಬೇಡಿ. ಉಪಕಾರ ಕೇಳುವವರೇ ಎದುರಿನವರನ್ನು ಸಾಲಿನಲ್ಲಿ ನಿಲ್ಲಿಸಿದಂತಾಗುತ್ತದೆ ಅದು.

ಲಿಂಕ್ಡ್‌ಇನ್‌ನ ಆಹ್ವಾನದ ಟಿಪ್ಪಣಿಯಲ್ಲಿ ಇಷ್ಟೆಲ್ಲ ಹಿಡಿಸುವುದಿಲ್ಲ. ಅಲ್ಲಿ ನಾನು ಯಾರು, ಅವರನ್ನೇ ಯಾಕೆ, ಪ್ರಶ್ನೆ ಏನು ಎಂಬ ಮೂರನ್ನು ಮಾತ್ರ ಇಟ್ಟು, ಆಹ್ವಾನ ಒಪ್ಪಿದ ಮೇಲೆ ಸಮಯದ ಮಾತು ಎತ್ತುತ್ತೇನೆ.

ಬರುವ ಉತ್ತರವೇ ಸಂದೇಶದ ದೋಷ ತೋರಿಸುತ್ತದೆ. "ರೆಸ್ಯೂಮೆ ಕಳಿಸಿ" ಎಂದು ಬಂದರೆ ಅದನ್ನು ಕೆಲಸದ ಕೋರಿಕೆಯಾಗಿ ಓದಿದ್ದಾರೆ, ಶಿಫಾರಸು ಬೇಡ ಎಂಬ ಸಾಲು ಎದ್ದು ಕಂಡಿಲ್ಲ. "ಏನು ತಿಳಿಯಬೇಕಿತ್ತು?" ಎಂದರೆ ಪ್ರಶ್ನೆ ಮಸುಕಾಗಿದೆ. "ಖಂಡಿತ, ಯಾವಾಗಲಾದರೂ ಮಾತಾಡೋಣ" ಎಂದರೆ ಸಂತೋಷಪಟ್ಟು ಸುಮ್ಮನಿರಬೇಡಿ, ಅದೇ ದಿನ ಎರಡು ಹೊಸ ಸಮಯ ಕಳಿಸಿ. ಮೌನದಿಂದ ಮಾತ್ರ ಏನೂ ಗೊತ್ತಾಗುವುದಿಲ್ಲ. ಹಿರಿಯರ ಇನ್‌ಬಾಕ್ಸ್‌ನಲ್ಲಿ ಒಳ್ಳೆಯ ಸಂದೇಶವೂ ಮುಳುಗುತ್ತದೆ.

ಹಾಗಾಗಿ ಒಂದು ಜ್ಞಾಪನೆ ಸರಿ, ಎಂಟು ಹತ್ತು ದಿನ ಬಿಟ್ಟು, ಅದೇ ಸಂದೇಶದ ಕೆಳಗೆ. "ಮೇಡಂ, ಹಿಂದಿನ ಸಮಯ ದಾಟಿತು. ಮುಂದಿನ ಬುಧವಾರ 22ರ ಸಂಜೆ 5:30 ಆದೀತೇ? ಈಗ ಆಗದಿದ್ದರೂ ತೊಂದರೆಯಿಲ್ಲ." ಅಷ್ಟೇ. "ನನ್ನ ಸಂದೇಶ ನೋಡಿದಿರಾ?" ಎಂದು ಕೇಳಿದರೆ ಅವರಿಗೆ ಮುಜುಗರ, ಉತ್ತರ ಇನ್ನೂ ದೂರ. ಜ್ಞಾಪನೆಗೂ ಉತ್ತರ ಬರದಿದ್ದರೆ ಮತ್ತೊಬ್ಬರನ್ನು ಹುಡುಕುತ್ತೇನೆ. ಇ-ಮೇಲ್‌ನಿಂದ ವಾಟ್ಸಾಪ್‌ಗೆ, ಅಲ್ಲಿಂದ ಕರೆಗೆ ಬೆನ್ನು ಹತ್ತುವುದಿಲ್ಲ.

ಒಪ್ಪಿದರೆ ಒಂದು ಗಂಟೆಯೊಳಗೆ ಕ್ಯಾಲೆಂಡರ್ ಆಹ್ವಾನ ಹೋಗಬೇಕು. ಅದರ ಒಳಗೆ ನನ್ನ ನಂಬರ್, ಕರೆ ನಾನೇ ಮಾಡುತ್ತೇನೆ ಎಂಬ ಸಾಲು, ಮತ್ತೊಮ್ಮೆ ಅದೇ ಪ್ರಶ್ನೆ. ಮಾತಿನ ದಿನದ ಹೊತ್ತಿಗೆ ಮೊದಲ ಸಂದೇಶ ಅವರಿಗೆ ಮರೆತಿರುತ್ತದೆ. ಕರೆಯಲ್ಲಿ ಹದಿನೆಂಟನೇ ನಿಮಿಷಕ್ಕೆ "ಇಪ್ಪತ್ತು ನಿಮಿಷ ಆಗುತ್ತ ಬಂತು ಮೇಡಂ" ಎಂದು ನಾನೇ ಹೇಳುತ್ತೇನೆ. ಮುಂದುವರಿಸುವುದಿದ್ದರೆ ಅವರೇ ಮುಂದುವರಿಸುತ್ತಾರೆ.