ಎಲ್ಲಿ ತಿದ್ದಿದ್ದೀರಿ, ತೋರಿಸಿ: ನನ್ನ ಥೀಸಿಸ್‌ನ ಕರೆಕ್ಷನ್ ಟೇಬಲ್

ನನ್ನ ಮಾಸ್ಟರ್ಸ್ ಥೀಸಿಸ್ ಪಾವಗಡ ತಾಲೂಕಿನ ಬೋರ್‌ವೆಲ್ ನೀರಿನಲ್ಲಿರುವ ಫ್ಲೋರೈಡ್ ಬಗ್ಗೆ. ಇಬ್ಬರು ಪರೀಕ್ಷಕರೂ ತಿದ್ದುಪಡಿ ಮಾಡಿಸಿ ಒಪ್ಪಬಹುದು ಎಂದು ಬರೆದಿದ್ದರು. ಅವರು ಹೇಳಿದ ಪ್ರತಿಯೊಂದು ಅಂಶಕ್ಕೂ ಏನು ಮಾಡಿದೆ, ಎಲ್ಲಿ ಮಾಡಿದೆ ಅಂತ ಒಂದು ಟೇಬಲ್ ಮಾಡಿ ಥೀಸಿಸ್ ಜೊತೆಗೆ ಕೊಡಬೇಕಿತ್ತು. ನಾನು ತಿದ್ದುಪಡಿಗೆ ಐದು ವಾರ ತೆಗೆದುಕೊಂಡೆ, ಟೇಬಲ್‌ಗೆ ಒಂದು ಸಂಜೆ. ಅದು ವಾಪಸ್ ಬಂತು.

ಕಾರಣ ಒಂದೇ ಸಾಲಿನಲ್ಲಿತ್ತು. ನಾನು ಒಂದು ಅಂಶಕ್ಕೆ ‘ಸರಿಪಡಿಸಲಾಗಿದೆ, ಪುಟ 47’ ಎಂದು ಬರೆದಿದ್ದೆ. ಪರೀಕ್ಷಕರು 47ನೇ ಪುಟ ತೆರೆದರೆ ಅಲ್ಲಿದ್ದದ್ದು ತಾಲೂಕಿನ ನಕ್ಷೆ. ತಿದ್ದಿದ ಮಾತು 49ರಲ್ಲಿತ್ತು. ಟೇಬಲ್ ಬರೆದ ಮೇಲೆ ಎರಡನೇ ಅಧ್ಯಾಯಕ್ಕೆ ಒಂದೂವರೆ ಪುಟ ಸೇರಿಸಿದ್ದೆ, ಅದರಿಂದಾಚೆ ಎಲ್ಲಾ ಪುಟಗಳೂ ಸರಿದಿದ್ದವು. ಕೆಲಸ ಮಾಡಿದ್ದರೂ ಮಾಡಿಲ್ಲ ಅನ್ನುವ ಹಾಗೆ ಕಂಡಿತು. ಎರಡನೇ ಸಲ ಹೇಗೆ ಮಾಡಿದೆ ಎನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಥೀಸಿಸ್ಸೂ ಟೇಬಲ್ಲೂ ಇಂಗ್ಲಿಷ್‌ನಲ್ಲಿದ್ದವು. ಅದರಲ್ಲಿನ ಮಾತುಗಳನ್ನು ಕನ್ನಡದಲ್ಲಿ ಹೇಳುತ್ತೇನೆ.

ಮೊದಲು ಮಾಡಿದ್ದು ವರದಿಯನ್ನು ಒಡೆಯುವ ಕೆಲಸ. ಪರೀಕ್ಷಕರು ನಂಬರ್ ಹಾಕಿ ಕೊಟ್ಟಿದ್ದು ಒಟ್ಟು 11 ಅಂಶ. ಆದರೆ ಒಂದೊಂದು ಪ್ಯಾರಾದೊಳಗೆ ಎರಡು ಮೂರು ಕೆಲಸ ಅಡಗಿರುತ್ತವೆ. ಉದಾಹರಣೆಗೆ ಮೊದಲ ಪರೀಕ್ಷಕರ ನಾಲ್ಕನೇ ಅಂಶ ಹೀಗಿತ್ತು: ‘ನೀರಿನ ವಿಶ್ಲೇಷಣೆಯ ಅಯಾನ್ ಸಮತೋಲನ ಕೊಟ್ಟಿಲ್ಲ. ಮಾದರಿಗಳ ಸಂಖ್ಯೆ ಸಾರಾಂಶದಲ್ಲಿ ಒಂದು, ಕೋಷ್ಟಕದಲ್ಲಿ ಇನ್ನೊಂದು ಇದೆ. ಮಿತಿಯನ್ನು ಯಾವ ಮಾನದಂಡದಿಂದ ತೆಗೆದುಕೊಂಡಿರಿ?’ ಮೊದಲ ಸಲ ನಾನು ಇದಕ್ಕೆ ಒಂದೇ ಉತ್ತರ ಬರೆದಿದ್ದೆ. ಮೂರನೆಯ ಪ್ರಶ್ನೆ ಸುಮ್ನೆ ತಪ್ಪಿಸಿಕೊಂಡು ಹೋಗಿತ್ತು. ಈ ಸಲ 1.4ಎ, 1.4ಬಿ, 1.4ಸಿ ಅಂತ ಮೂರು ಸಾಲು ಮಾಡಿದೆ. ಪರೀಕ್ಷಕರ ನಂಬರ್ ಹಾಗೇ ಉಳಿಸಿಕೊಂಡೆ, ಯಾಕೆಂದರೆ ಅವರು ತಮ್ಮ ವರದಿಯನ್ನು ಪಕ್ಕದಲ್ಲಿಟ್ಟುಕೊಂಡೇ ನೋಡುತ್ತಾರೆ. ಅವರ ಮಾತನ್ನೂ ಒಂದಕ್ಷರ ಬದಲಿಸದೆ ಹಾಕಿದೆ. ನಾವು ಚಿಕ್ಕದು ಮಾಡಲು ಹೋದರೆ ನಮಗೆ ಕಷ್ಟವಾದ ಭಾಗವೇ ಮೊದಲು ಬಿಟ್ಟುಹೋಗುತ್ತದೆ. ಹೀಗೆ ಒಡೆದಾಗ 11 ಅಂಶ 19 ಸಾಲಾಯಿತು.

ಒಟ್ಟು ಐದು ಕಾಲಂ: ನಂಬರ್, ಪರೀಕ್ಷಕರ ಮಾತು, ನನ್ನ ಉತ್ತರ, ಹೊಸದಾಗಿ ಬರೆದ ವಾಕ್ಯ, ಎಲ್ಲಿದೆ. ನಾಲ್ಕನೇ ಕಾಲಂ ಜಾಸ್ತಿ ಆಯಿತು ಅಂತ ಲ್ಯಾಬ್‌ನಲ್ಲಿ ಕೆಲವರು ಹೇಳಿದರು. ನಾನು ಬಿಡಲಿಲ್ಲ. ಬದಲಾದ ವಾಕ್ಯ ಟೇಬಲ್‌ನಲ್ಲೇ ಇದ್ದರೆ ಪರೀಕ್ಷಕರು ಅಲ್ಲೇ ಓದಿ ಒಪ್ಪಬಹುದು, ಬೇಕೆನಿಸಿದರೆ ಮಾತ್ರ ಥೀಸಿಸ್ ತೆರೆದು ನೋಡಬಹುದು. ಇಡೀ ಪ್ಯಾರಾ ಹೊಸದಾದರೆ ಮೊದಲ ಮತ್ತು ಕೊನೆಯ ವಾಕ್ಯ ಸಾಕು.

ಈಗ 1.4ರ ಕಥೆಯನ್ನು ಪೂರ್ತಿ ಹೇಳುತ್ತೇನೆ, ನಾನು ಜಾಸ್ತಿ ಎಡವಿದ್ದು ಅಲ್ಲೇ.

ನೀರಿನಲ್ಲಿ ಧನ ಅಯಾನ್‌ಗಳ ಮೊತ್ತವೂ ಋಣ ಅಯಾನ್‌ಗಳ ಮೊತ್ತವೂ, ಮಿಲಿಈಕ್ವಿವಲೆಂಟ್‌ನಲ್ಲಿ ಲೆಕ್ಕ ಹಾಕಿದಾಗ, ಹೆಚ್ಚುಕಡಿಮೆ ಸಮ ಬರಬೇಕು. ತುಂಬಾ ವ್ಯತ್ಯಾಸ ಬಂದರೆ ಯಾವುದೋ ಒಂದು ಅಳತೆ ತಪ್ಪಿದೆ ಅಥವಾ ಯಾವುದೋ ಅಯಾನ್ ಅಳೆಯದೆ ಬಿಟ್ಟುಹೋಗಿದೆ ಎಂದರ್ಥ. ಪರೀಕ್ಷಕರು ಕೇಳಿದ್ದಕ್ಕೆ ಲೆಕ್ಕ ಹಾಕಿ ನೋಡಿದರೆ 60 ಮಾದರಿಗಳಲ್ಲಿ ಎರಡರ ತಪ್ಪು ಶೇ. 10 ದಾಟಿತ್ತು. ಗೈಡ್ ಮೇಡಂ ಜೊತೆ ಕೂತು ಮಾತಾಡಿ ಎರಡನ್ನೂ ಕೈಬಿಟ್ಟೆವು. ಉಳಿದದ್ದು 58. ಕೈಬಿಟ್ಟ ಎರಡರಲ್ಲಿ ಒಂದು, ಫ್ಲೋರೈಡ್ ಮಿತಿಯಾದ ಲೀಟರಿಗೆ 1.5 ಮಿಲಿಗ್ರಾಂ ಮೀರಿದ ಮಾದರಿ. ಹಾಗಾಗಿ ಮಿತಿ ಮೀರಿದವು ಮೊದಲು 60ರಲ್ಲಿ 23, ಅಂದರೆ ಶೇ. 38.3 ಇದ್ದದ್ದು ಈಗ 58ರಲ್ಲಿ 22, ಅಂದರೆ ಶೇ. 37.9 ಆಯಿತು.

ಬದಲಾವಣೆ ಸಣ್ಣದು. ಆದರೆ ಆ ಸಂಖ್ಯೆ ಥೀಸಿಸ್‌ನಲ್ಲಿ ಎಷ್ಟು ಕಡೆ ಕೂತಿತ್ತು ಗೊತ್ತಾ? ಸಾರಾಂಶ, ಮಾದರಿ ಸಂಗ್ರಹದ ವಿಭಾಗ 3.2, ಕೋಷ್ಟಕ 4.1, ಅದರ ವಿವರಣೆ, ಕೊನೆಯ ಅಧ್ಯಾಯದ ಮೊದಲ ತೀರ್ಮಾನ. ‘60’ ಮತ್ತು ‘38.3’ ಅಂತ ಹುಡುಕಿ ಇಷ್ಟನ್ನೂ ತಿದ್ದಿದೆ. ಇಷ್ಟೇ ಅಂದುಕೊಂಡಿದ್ದೆ. ಎರಡು ಜಾಗ ಹುಡುಕಾಟಕ್ಕೆ ಸಿಕ್ಕಿರಲಿಲ್ಲ. ಪೀಠಿಕೆಯ ವಿಭಾಗ 1.3ರಲ್ಲಿ ಅರವತ್ತು ಎಂದು ಅಕ್ಷರದಲ್ಲಿ ಬರೆದಿದ್ದೆ. ಚಿತ್ರ 4.2ರ ಗ್ರಾಫನ್ನು ಇಮೇಜ್ ಆಗಿ ಅಂಟಿಸಿದ್ದರಿಂದ ಅದರೊಳಗಿನ 38.3 ಹುಡುಕಾಟಕ್ಕೆ ಕಾಣುವುದೇ ಇಲ್ಲ. ಆಮೇಲೆ ಎಲ್ಲಾ ಚಿತ್ರಗಳನ್ನೂ ಪ್ರಿಂಟ್ ತೆಗೆದು, ಒಂದೊಂದರೊಳಗಿನ ಸಂಖ್ಯೆಯನ್ನೂ ಕೋಷ್ಟಕದ ಜೊತೆ ಕಣ್ಣಲ್ಲೇ ತಾಳೆ ನೋಡಿದೆ.

ಹಾಗಾಗಿ ಟೇಬಲ್‌ನ ಆ ಸಾಲು ಕೊನೆಗೆ ಹೀಗೆ ಬಂತು:

1.4ಬಿ. ಪರೀಕ್ಷಕರ ಮಾತು: ಮಾದರಿಗಳ ಸಂಖ್ಯೆ ಸಾರಾಂಶದಲ್ಲಿ ಒಂದು, ಕೋಷ್ಟಕದಲ್ಲಿ ಇನ್ನೊಂದು ಇದೆ.

ಉತ್ತರ: ಒಪ್ಪುತ್ತೇನೆ. ಸಂಗ್ರಹಿಸಿದ್ದು 60. ಅಯಾನ್ ಸಮತೋಲನದ ತಪ್ಪು ಶೇ. 10 ಮೀರಿದ 2 ಮಾದರಿಗಳನ್ನು ಕೈಬಿಟ್ಟು (1.4ಎ ನೋಡಿ) 58ನ್ನು ವಿಶ್ಲೇಷಿಸಲಾಗಿದೆ. ಇದರಿಂದ ಮಿತಿ ಮೀರಿದ ಮಾದರಿಗಳ ಪ್ರಮಾಣ ಶೇ. 38.3ರಿಂದ 37.9ಕ್ಕೆ ಬಂದಿದೆ. ತೀರ್ಮಾನ ಬದಲಾಗಿಲ್ಲ.

ಹೊಸ ವಾಕ್ಯ: ‘60 ಕೊಳವೆಬಾವಿಗಳಿಂದ ಮಾದರಿ ಸಂಗ್ರಹಿಸಲಾಯಿತು, 58 ಮಾದರಿಗಳ ಫಲಿತಾಂಶವನ್ನು ಇಲ್ಲಿ ಬಳಸಲಾಗಿದೆ.’

ಎಲ್ಲಿದೆ: ಸಾರಾಂಶ, 2ನೇ ಪ್ಯಾರಾ (ಪುಟ v); 1.3, 4ನೇ ಪ್ಯಾರಾ (ಪುಟ 6); 3.2, 1ನೇ ಪ್ಯಾರಾ (ಪುಟ 31); ಕೋಷ್ಟಕ 4.1 (ಪುಟ 49); 4.2, 2ನೇ ಪ್ಯಾರಾ (ಪುಟ 50); ಚಿತ್ರ 4.2 (ಪುಟ 52); 5.1, 1ನೇ ಪ್ಯಾರಾ (ಪುಟ 78).

ಉತ್ತರದ ಕೊನೆಯ ಎರಡು ವಾಕ್ಯ ಗೈಡ್ ಮೇಡಂ ಸೇರಿಸಿದ್ದು. ‘ಸಂಖ್ಯೆ ಬದಲಾದರೆ ಅವರಿಗೆ ಬರುವ ಮುಂದಿನ ಪ್ರಶ್ನೆ ತೀರ್ಮಾನ ಬದಲಾಯಿತಾ ಅಂತ. ಅವರು ಕೇಳುವ ಮುಂಚೆ ನೀನೇ ಹೇಳಮ್ಮ’ ಎಂದರು.

‘ಥೀಸಿಸ್ ಉದ್ದಕ್ಕೂ ಸರಿಪಡಿಸಲಾಗಿದೆ’ ಎನ್ನುವ ಮಾತನ್ನು ಎಲ್ಲಿಯೂ ಬಳಸಲಿಲ್ಲ. ಪಿಪಿಎಂ ಅಂತ ಇದ್ದದ್ದನ್ನೆಲ್ಲ ಲೀಟರಿಗೆ ಮಿಲಿಗ್ರಾಂ ಮಾಡಲು ಹೇಳಿದ್ದರು. ಅದು 34 ಕಡೆ ಇತ್ತು. ಅಲ್ಲಿಯೂ ಪುಟಗಳನ್ನೆಲ್ಲ ಪಟ್ಟಿ ಮಾಡಿಯೇ ಹಾಕಿದೆ.

ಇನ್ನು ಪುಟ ಸಂಖ್ಯೆಯ ಸಮಸ್ಯೆ. ಇದರಲ್ಲಿ ಮೂರು ಗುಂಡಿಗಳಿವೆ, ನಾನು ಮೂರರಲ್ಲೂ ಬಿದ್ದಿದ್ದೆ. ಮೊದಲನೆಯದು, ಆಮೇಲೆ ಮಾಡುವ ತಿದ್ದುಪಡಿಯಿಂದ ಪುಟ ಸರಿಯುವುದು. ಎರಡನೆಯದು, ವರ್ಡ್‌ನಲ್ಲಿ ಟ್ರ್ಯಾಕ್ ಚೇಂಜಸ್ ಕಾಣಿಸುವಾಗ ಅಳಿಸಿದ ಸಾಲುಗಳೂ ಪುಟದಲ್ಲಿ ಜಾಗ ಹಿಡಿಯುತ್ತವೆ, ಹಾಗಾಗಿ ಗುರುತಿರುವ ಪ್ರತಿಯ ಪುಟವೇ ಬೇರೆ, ಕ್ಲೀನ್ ಪ್ರತಿಯ ಪುಟವೇ ಬೇರೆ. ಮೂರನೆಯದು, ಥೀಸಿಸ್‌ನ ಶುರುವಿನ ಪುಟಗಳಿಗೆ ರೋಮನ್ ಅಂಕಿ ಇರುವುದರಿಂದ ಹಾಳೆಯ ಕೆಳಗೆ 52 ಅಂತ ಇರುವುದು ಪಿಡಿಎಫ್‌ನಲ್ಲಿ 66ನೇ ಪುಟ. ಕೊನೆಯ ಎರಡಕ್ಕೆ ಉತ್ತರ ಸುಲಭ. ಟೇಬಲ್‌ನ ನೆತ್ತಿಯ ಮೇಲೆ ಎರಡು ಸಾಲು ಬರೆದೆ: ‘ಪುಟ ಸಂಖ್ಯೆಗಳು ತಿದ್ದಿದ ಕ್ಲೀನ್ ಪ್ರತಿಯವು, ಹಾಳೆಯ ಕೆಳಗೆ ಅಚ್ಚಾಗಿರುವಂಥವು. ಅರೇಬಿಕ್ ಅಂಕಿಯ ಪುಟಗಳನ್ನು ಪಿಡಿಎಫ್‌ನಲ್ಲಿ ಹುಡುಕಲು 14 ಕೂಡಿಸಿ.’ ಪ್ಯಾರಾವನ್ನು ಪುಟದ ಮೇಲಿನಿಂದ ಎಣಿಸದೆ ವಿಭಾಗದ ಶುರುವಿನಿಂದ ಎಣಿಸಿದೆ. ಪುಟ ಒಂದೆರಡು ಆಚೀಚೆಯಾದರೂ ‘4.2, 2ನೇ ಪ್ಯಾರಾ’ ಎನ್ನುವುದು ತಪ್ಪುವುದಿಲ್ಲ, ಅಲ್ವಾ?

ಮೊದಲನೆಯ ಗುಂಡಿಗೆ ವರ್ಡ್‌ನ ಬುಕ್‌ಮಾರ್ಕ್ ಬಳಸಿದೆ. ತಿದ್ದಿದ ಪ್ರತಿ ಜಾಗಕ್ಕೂ `Insert > Bookmark` ಮೂಲಕ `C1_4b_1`, `C1_4b_2` ಹೀಗೆ ಹೆಸರು ಕೊಟ್ಟೆ. ಹೆಸರು ಅಕ್ಷರದಿಂದ ಶುರುವಾಗಬೇಕು, ನಡುವೆ ಖಾಲಿ ಜಾಗ ಬಿಡುವಂತಿಲ್ಲ. ಕರೆಕ್ಷನ್ ಟೇಬಲನ್ನು ತಾತ್ಕಾಲಿಕವಾಗಿ ಥೀಸಿಸ್ ಫೈಲಿನ ಕಟ್ಟಕಡೆಗೇ ಇಟ್ಟುಕೊಂಡೆ. ಕಡೆಯಲ್ಲಿ ಇದ್ದರೆ ಹಿಂದಿನ ಪುಟಗಳು ಸರಿಯುವುದಿಲ್ಲ. ಪುಟ ಸಂಖ್ಯೆ ಬರಬೇಕಾದ ಕಡೆ `Cross-reference` ತೆರೆದು, ಆ ಬುಕ್‌ಮಾರ್ಕ್ ಆರಿಸಿ, `Page number` ಹಾಕಿದೆ. ಆಮೇಲೆ ಎಷ್ಟು ತಿದ್ದಿದರೂ `Ctrl+A`, `F9` ಒತ್ತಿದರೆ ಟೇಬಲ್‌ನ ಎಲ್ಲಾ ಪುಟ ಸಂಖ್ಯೆಗಳೂ ತಾವೇ ಸರಿಯಾಗುತ್ತವೆ.

ಕೊನೆಗೆ ಬೇರ್ಪಡಿಸುವಾಗ ಹುಷಾರಾಗಿರಬೇಕು. ಟೇಬಲನ್ನು ಹಾಗೇ ಹೊಸ ಫೈಲಿಗೆ ಅಂಟಿಸಿ ಅಪ್‌ಡೇಟ್ ಮಾಡಿದರೆ ಸಂಖ್ಯೆಯ ಜಾಗದಲ್ಲಿ `Error! Bookmark not defined.` ಬರುತ್ತದೆ. ಅದಕ್ಕೇ ಥೀಸಿಸ್‌ನ ಒಂದು ನಕಲು ಮಾಡಿಕೊಂಡು, ಅದರಲ್ಲಿ ಟ್ರ್ಯಾಕ್ ಚೇಂಜಸ್ ಎಲ್ಲವನ್ನೂ ಒಪ್ಪಿ, ಒಮ್ಮೆ `Ctrl+A`, `F9` ಒತ್ತಿ, ಟೇಬಲನ್ನು ಮಾತ್ರ ಸೆಲೆಕ್ಟ್ ಮಾಡಿ `Ctrl+Shift+F9` ಒತ್ತಿದೆ. ಆಗ ಸಂಖ್ಯೆಗಳು ಸಾಮಾನ್ಯ ಅಕ್ಷರಗಳಾಗಿ ಗಟ್ಟಿಯಾಗುತ್ತವೆ, ಆಮೇಲೆ ಎಲ್ಲಿಗೆ ಬೇಕಾದರೂ ಒಯ್ಯಬಹುದು. ಇನ್ನೊಂದು ಮಾತು: ಬುಕ್‌ಮಾರ್ಕ್ ಇರುವ ವಾಕ್ಯವನ್ನು ಪೂರ್ತಿ ಅಳಿಸಿ ಹೊಸದು ಬರೆದರೆ ಬುಕ್‌ಮಾರ್ಕೂ ಹೋಗುತ್ತದೆ. ನನಗೆ ಎರಡು ಕಡೆ ಹಾಗಾಯಿತು.

ಎರಡನೇ ಪರೀಕ್ಷಕರ ಒಂದು ಅಂಶವನ್ನು ನಾನು ಮಾಡಲಾಗಲಿಲ್ಲ. ಮಳೆಗಾಲದ ನಂತರದ ಮಾದರಿಗಳನ್ನೂ ಸೇರಿಸಿ ಎಂದಿದ್ದರು. ನಾನು ತೆಗೆದಿದ್ದು ಬರೀ ಬೇಸಿಗೆಯ ನೀರು. ಅವರು ಕೇಳಿದ್ದು ನ್ಯಾಯವೇ, ಮಳೆಯಾದ ಮೇಲೆ ಅದೇ ಬಾವಿಯ ನೀರಿನಲ್ಲಿ ಫ್ಲೋರೈಡ್ ಬೇರೆ ಇರಬಹುದು. ಆದರೆ ಅದಕ್ಕೆ ಇನ್ನೊಂದು ಹಂಗಾಮು ಕಾಯಬೇಕು. ಮೊದಲ ಟೇಬಲ್‌ನಲ್ಲಿ ‘ಈ ಅಧ್ಯಯನದ ವ್ಯಾಪ್ತಿಯಲ್ಲಿಲ್ಲ’ ಎಂದು ಬರೆದು ‘ಎಲ್ಲಿದೆ’ ಕಾಲಂ ಖಾಲಿ ಬಿಟ್ಟಿದ್ದೆ. ಎರಡನೇ ಸಲ ಆ ಕಾಲಂಗೂ ಏನಾದರೂ ಬರಲೇಬೇಕು ಅಂತ ಹಟ ಹಿಡಿದೆ. ಅದರಿಂದ ಥೀಸಿಸ್ಸೇ ಸುಧಾರಿಸಿತು. ‘ತಾಲೂಕಿನ ನೀರಿನಲ್ಲಿ’ ಎಂದಿದ್ದ ಮಾತನ್ನು ಸಾರಾಂಶದಲ್ಲೂ 5.1ರಲ್ಲೂ ‘ಮುಂಗಾರಿಗೆ ಮುಂಚೆ ತೆಗೆದ ಮಾದರಿಗಳಲ್ಲಿ’ ಎಂದು ಬಿಗಿ ಮಾಡಿದೆ. ಮಿತಿಗಳ ವಿಭಾಗ 5.3ಕ್ಕೆ ಒಂದು ಪ್ಯಾರಾ ಸೇರಿಸಿದೆ. ಉತ್ತರದಲ್ಲಿ ‘ಮಾದರಿ ಸೇರಿಸಿಲ್ಲ’ ಎಂದು ಮೊದಲ ವಾಕ್ಯದಲ್ಲೇ ನೇರವಾಗಿ ಹೇಳಿ, ಕಾರಣ ಕೊಟ್ಟು, ಈ ಮೂರು ಜಾಗ ತೋರಿಸಿದೆ.

ಒಬ್ಬರು ಎರಡನೇ ಅಧ್ಯಾಯ ಚಿಕ್ಕದು ಮಾಡಿ ಎಂದಿದ್ದರು, ಇನ್ನೊಬ್ಬರು ಅದಕ್ಕೇ ಇನ್ನಷ್ಟು ಸೇರಿಸಿ ಎಂದಿದ್ದರು. ಅದನ್ನು ಮೇಡಂಗೆ ಬಿಟ್ಟೆ. ಅವರ ತೀರ್ಮಾನವನ್ನು ಎರಡೂ ಸಾಲುಗಳಲ್ಲಿ ಬರೆದು, ಒಂದರಲ್ಲಿ ಇನ್ನೊಂದರ ನಂಬರ್ ಹಾಕಿದೆ.

ಕೊಡುವ ಹಿಂದಿನ ದಿನ ಲ್ಯಾಬ್‌ನ ಜೂನಿಯರ್ ಹುಡುಗಿಗೆ ಪಿಡಿಎಫ್ ಮತ್ತು ಟೇಬಲ್ ಕೊಟ್ಟು ಕೂರಿಸಿದೆ. ನನ್ನ ಥೀಸಿಸ್ ಅವಳು ಓದಿರಲಿಲ್ಲ, ಅದಕ್ಕೇ ಅವಳು. ಟೇಬಲ್ ಹೇಳಿದ ಕಡೆ ಹೋಗು, ಹೊಸ ವಾಕ್ಯ ಕಂಡರೆ ಟಿಕ್ ಹಾಕು, ನನ್ನನ್ನು ಏನೂ ಕೇಳಬೇಡ ಎಂದೆ. 19 ಸಾಲಿಗೆ ಮುಕ್ಕಾಲು ಗಂಟೆ ಹಿಡಿಯಿತು. 17ಕ್ಕೆ ಟಿಕ್ ಬಿತ್ತು. ಒಂದರಲ್ಲಿ ಟೇಬಲ್‌ನಲ್ಲಿದ್ದ ವಾಕ್ಯಕ್ಕೂ ಥೀಸಿಸ್‌ನಲ್ಲಿದ್ದ ವಾಕ್ಯಕ್ಕೂ ಎರಡು ಪದ ವ್ಯತ್ಯಾಸವಿತ್ತು, ಕೊನೆ ಗಳಿಗೆಯಲ್ಲಿ ಥೀಸಿಸ್‌ನಲ್ಲಿ ಮಾತ್ರ ತಿದ್ದಿದ್ದೆ. ಇನ್ನೊಂದು 1.4ಸಿ. ‘ಅಕ್ಕಾ, ಐಎಸ್ 10500 ಅಂತ 33ನೇ ಪುಟದಲ್ಲಿ ಇದೆ, ಆದರೆ ಗ್ರಂಥಸೂಚಿಯಲ್ಲಿ ಇಲ್ಲ’ ಎಂದಳು. ಭಾರತೀಯ ಮಾನಕ ಬ್ಯೂರೋದ 2012ರ ಆ ಮಾನದಂಡವನ್ನು ಗ್ರಂಥಸೂಚಿಗೆ ಸೇರಿಸಿ, ಆ ಸಾಲಿನ ಕೊನೆಯ ಕಾಲಂನಲ್ಲಿ ಇನ್ನೊಂದು ಪುಟ ಸಂಖ್ಯೆ ಬರೆದೆ. ಮತ್ತೆ `Ctrl+A`, `F9` ಒತ್ತಿ, ಹೊಸ ಪಿಡಿಎಫ್ ಮಾಡಿ, ಅವಳ ಕೈಯಲ್ಲೇ ಆ ಎರಡು ಸಾಲುಗಳನ್ನು ಮತ್ತೊಮ್ಮೆ ನೋಡಿಸಿ ಕೊಟ್ಟು ಬಂದೆ.